ಫೋಟೋದ ಅಂಚಿನಲ್ಲೊಂದು ಕೈ

ಸುಮಿತ್ರಮ್ಮ ಇಪ್ಪತ್ತೆಂಟನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಅರಕಲಗೂಡಿನ ಕಡೆಯಿಂದ ಕುಶಾಲನಗರದ ಅಣ್ಣನ ಮನೆಗೆ ಬಂದವರು. ಅತ್ತಿಗೆ ಕಾಮಾಕ್ಷಮ್ಮನ ಬಾಣಂತನ ಮುಗಿಯುವ ತನಕ ಇದ್ದು ಹೋಗು ಎಂದಿದ್ದ ಅಣ್ಣ ಗಂಗಣ್ಣ. ಆ ಬಾಣಂತನ ಮುಗಿದು ಮೂವತ್ನಾಲ್ಕು ವರ್ಷವಾಯಿತು, ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಅತ್ತಿಗೆ ಶುಂಠಿ ಗದ್ದೆಗೂ ಸಂಘದ ಮೀಟಿಂಗಿಗೂ ಓಡಾಡಿದರು. ಮಗು ಚೇತನ್‌ಕುಮಾರ್‌ಗೆ ನೀರು ಹಾಕಿದ್ದು, ತುತ್ತು ಕೊಟ್ಟಿದ್ದು, ಮೊದಲ ದಿನ ಅಳುತ್ತಿದ್ದವನನ್ನು ಶಾಲೆಗೆ ಬಿಟ್ಟು ಬಂದಿದ್ದು ಸುಮಿತ್ರಮ್ಮ. ಇದಕ್ಕೆ ಸಾಕ್ಷಿ ಅಂತ ಇದ್ದದ್ದು ಬಿಸ್ಕತ್ ಡಬ್ಬದಲ್ಲಿದ್ದ ಏಳೆಂಟು ಫೋಟೋ ಅಷ್ಟೇ.

ಅಣ್ಣ ಅತ್ತಿಗೆಯ ಮದುವೆಗೆ ನಲವತ್ತು ತುಂಬಿದ ಭಾನುವಾರ ನೆಂಟರಿಗೆಲ್ಲ ತೋರಿಸಲು ಚೇತನ್‌ನ ಹೆಂಡತಿ ಕಾವ್ಯಶ್ರೀ ಲ್ಯಾಪ್‌ಟಾಪಿನಲ್ಲಿ ಪ್ರೆಸೆಂಟೇಷನ್ ಮಾಡಿದಳು. ಡಬ್ಬ ಕೇಳಿದಾಗ ಸುಮಿತ್ರಮ್ಮ ಎರಡು ಮಾತಾಡದೆ ಕೊಟ್ಟರು. ಬಾಯಿಬಿಟ್ಟು ಹೇಳದಿದ್ದರೂ ಅವರಿಗೊಂದು ಆಸೆಯಿತ್ತು. ತಾವೂ ಆ ಮನೆಯವರು ಎಂಬುದನ್ನು ಒಂದು ಸಲವಾದರೂ ನಾಲ್ಕು ಜನ ನೋಡಲಿ!

ಬೆಳಗಿನ ಹನ್ನೊಂದಕ್ಕೆ ಹಜಾರ ತುಂಬಿತ್ತು. ಚೇತನ್ ಲ್ಯಾಪ್‌ಟಾಪ್ ಹಿಡಿದು ಪರದಾಡುತ್ತಿದ್ದ.

"ಟಿವಿ ಹೆಸ್ರೇ ಲಿಸ್ಟಲ್ಲಿ ಬರ್ತಿಲ್ಲ ಅತ್ತೆ."

"ಟಿವೀಲಿ ಸ್ಕ್ರೀನ್ ಶೇರ್ ತೆಗೀದೆ ಅದ್ಹೆಂಗಪ್ಪಾ ಬರ್ತದೆ?" ದಿನಾ ಧಾರಾವಾಹಿ ಹಾಕಿ ಹಾಕಿ ರಿಮೋಟಿನ ಮೂಲೆ ಮೂಲೆಯೂ ಗೊತ್ತಿದ್ದ ಸುಮಿತ್ರಮ್ಮ ಅದನ್ನು ತೆಗೆದರು. ಲ್ಯಾಪ್‌ಟಾಪಿನಲ್ಲಿ ಟಿವಿಯ ಹೆಸರು ಬಂತು. ಚೇತನ್ ಒತ್ತಿದ, ಟಿವಿ ಅನುಮತಿ ಕೇಳಿತು, ಸುಮಿತ್ರಮ್ಮ ಓಕೆ ಕೊಟ್ಟರು. ವೈರಿಲ್ಲದೆಯೇ ಲ್ಯಾಪ್‌ಟಾಪಿನ ಪರದೆ ಗೋಡೆಯ ಟಿವಿಗೆ ಬಂದು ಕೂತಿತು.

ಆದರೆ ಶೀರ್ಷಿಕೆಯ 'ನಲವತ್ತು' ಎಂಬುದರಲ್ಲಿ 'ನ' ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಇತ್ತು, ಟಿವಿ ಅಂಚನ್ನು ನುಂಗಿತ್ತು. ಇರಲಿ ಎಂದು ಚೇತನ್ ಮುಂದೆ ಹೋದ. ಮೂರನೆಯದು ಹಾರಂಗಿ ಡ್ಯಾಮಿನ ಮುಂದೆ ತೆಗೆಸಿದ ಫೋಟೋ. ಅಣ್ಣ, ಅತ್ತಿಗೆ, ಮೂರು ವರ್ಷದ ಚೇತನ್. ಎಡಗಡೆ ಅವನು ಹಿಡಿದುಕೊಂಡಿದ್ದ ಒಂದು ಕೈ ಮಾತ್ರ, ಕಪ್ಪು ಪಟ್ಟಿಯ ವಾಚಿನ ತನಕ. ಬಲಗಡೆ ದೊಡ್ಡ ಅಕ್ಷರ: 'ಅಪ್ಪ ಅಮ್ಮನ ಬೆರಳು ಹಿಡಿದು ನಡೆದ ದಿನಗಳು.'

ಸುಮಿತ್ರಮ್ಮ ಆ ಕೈಯಾಚೆ ತಮ್ಮ ಮುಖ ಹುಡುಕಿದರು, ಕಾಣಲಿಲ್ಲ. ಆಮೇಲೆ 'ನ' ನೆನಪಾಗಿ ಸಮಾಧಾನವಾಯಿತು. ಹಾಳಾದ ಟಿವಿ ತಿಂದಿದೆ, ಅಷ್ಟೇ ತಾನೆ.

"ತಡಿ ಚೇತು, ಸರಿ ಮಾಡ್ತೀನಿ." ಸೆಟ್ಟಿಂಗ್ಸಿಗೆ ಹೋಗಿ ಚಿತ್ರದ ಅಳತೆಯನ್ನು ಸ್ಕ್ರೀನ್ ಫಿಟ್‌ಗೆ ಬದಲಾಯಿಸಿದರು. ಚಿತ್ರ ಒಂಚೂರು ಕುಗ್ಗಿ, ನಾಲ್ಕೂ ಕಡೆಯ ಅಂಚು ಹೊರಗೆ ಬಂತು. ವಾಚಿನಾಚೆ ಮೊಣಕೈ ಬಂತು. ಮೊಣಕೈ ಆದಮೇಲೆ ಬಿಳಿ ಗೆರೆ. ಅಲ್ಲಿಗೆ ಫೋಟೋ ಮುಗಿದಿತ್ತು. ಪಾಪದ ಟಿವಿಯನ್ನು ಸುಮ್ಮನೆ ಬೈದಿದ್ದರು.

"ಅದ್ಯಾರ ಕೈ ಭಾವ?" ಎಂದಳು ಅತ್ತಿಗೆಯ ಅಣ್ಣನ ಮಗಳು ಚಂದನಾ.

ಚೇತನ್ ಟಿವಿಯತ್ತ ನೋಡಿದ. "ಯಾರ್ದೋ. ಪಕ್ಕದಲ್ಲಿ ಯಾರೋ ನಿಂತಿರ್ಬೇಕು."

"ನಂದು ಕಣೋ," ಎಂದರು ಸುಮಿತ್ರಮ್ಮ. ದನಿ ಅವರಿಗೇ ಗೊತ್ತಿಲ್ಲದಂತೆ ಜೋರಾಗಿತ್ತು.

ಕಾವ್ಯಶ್ರೀ ಗಡಬಡಿಸಿ ಎದ್ದಳು. "ಅಯ್ಯೋ ಅತ್ತೆ, ಜಾಗ ಸಾಲ್ದೆ ಅಂಚು ಕ್ರಾಪ್ ಮಾಡಿದ್ದೆ. ಕತ್ತರಿಸಿದ್ದು ಒಳಗೆ ಹಂಗೇ ಇರ್ತದೆ, ಈಗ್ಲೇ ತರ್ತೀನಿ." ಸ್ಲೈಡ್ ಶೋ ನಿಲ್ಲಿಸಿ, ಫೋಟೋ ಮೇಲೆ ಕ್ಲಿಕ್ ಮಾಡಿ ಕ್ರಾಪ್ ಒತ್ತಿದಳು. ಅವಳು ಮಾಡಿದ್ದೆಲ್ಲ ಅರೆಕ್ಷಣ ತಡವಾಗಿ ಟಿವಿಯಲ್ಲೂ ಕಾಣುತ್ತಿತ್ತು. ಬಿಳಿ ಗೆರೆಯಾಚೆ ಬೂದಿ ಬಳಿದ ಹಾಗೆ ಮಂಕಾಗಿ ಒಂದು ಹೆಂಗಸು ಬಂದು ನಿಂತಳು. ಮೂವತ್ತೊಂದು ವರ್ಷದ ಸುಮಿತ್ರ, ನಗುತ್ತಿದ್ದಳು. ಇಷ್ಟು ಚೆನ್ನಾಗಿ ನಗುತ್ತಿದ್ದೆನಾ ಎಂದು ಅವರಿಗೆ ಕಣ್ಣು ತುಂಬಿತು. ಕಾವ್ಯಶ್ರೀ ಅಂಚನ್ನು ಎಳೆದಳು, ಮಂಕು ಹೋಗಿ ಬಣ್ಣ ಬಂತು. ಆದರೆ ಅಷ್ಟಗಲದ ಫೋಟೋ ಪುಟದಲ್ಲಿ ಹಿಡಿಸಲಿಲ್ಲ. ಬಲಕ್ಕೆ ಸರಿಸಿದಳು. ಅರ್ಧ ಬರಹ ಫೋಟೋದಡಿ ಮುಚ್ಚಿಹೋಯಿತು.

ಗಂಗಣ್ಣ ಸೋಫಾದಿಂದ ಮುಂದಕ್ಕೆ ಬಗ್ಗಿದ. ತಂಗಿ ಅವನ ಮುಖವನ್ನೇ ನೋಡಿದರು. ಮೂವತ್ನಾಲ್ಕು ವರ್ಷದಲ್ಲಿ ಅವನ ಹತ್ತಿರ ಅವರು ಏನನ್ನೂ ಕೇಳಿಕೊಂಡಿರಲಿಲ್ಲ.

"ಅಕ್ಷರ ಮುಚ್ಚೋಯ್ತಲ್ಲಮ್ಮಾ," ಎಂದ ಗಂಗಣ್ಣ. "ಮೊದ್ಲಿದ್ದಂಗೇ ಚೆಂದಿತ್ತು, ಹಂಗೇ ಮಾಡು."

ಕಾವ್ಯಶ್ರೀ ಸುಮಿತ್ರಮ್ಮನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆಯುವ ಅನ್‌ಡೂ ಎರಡು ಸಲ ಒತ್ತಿದಳು. ಅರೆಕ್ಷಣ ಬಿಟ್ಟು, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಟಿವಿಯಿಂದ ಸುಮಿತ್ರಮ್ಮ ಹೋದರು.