ವಿಭೂತಿಯ ಮೂರು ಗೆರೆ

ಚಿಕ್ಕಬಳ್ಳಾಪುರದ ಹೊರಗೆ, ಆಲೂಗಡ್ಡೆ ಸಸಿಗಳನ್ನು ಬಾಟಲಿಯೊಳಗೆ ಬೆಳೆಸುವ ಲ್ಯಾಬೊಂದರಲ್ಲಿ ನನಗದು ನಾಲ್ಕನೇ ವರ್ಷ. ಆಯುಧಪೂಜೆಗೆ ರಜೆ ಹಾಕಿ ಸಾದಲಿಗೆ, ನಮ್ಮ ಮನೆಗೆ ಹೋಗಿದ್ದೆ. ವಾಪಸು ಬಂದು ವಾರ ಕಳೆಯುವಷ್ಟರಲ್ಲಿ ನಾನು ಕೂರಿಸಿದ ಸಸಿಗಳ ಬಾಟಲಿಗಳಲ್ಲಿ ಬೂಷ್ಟು ಬಂತು.

ಮ್ಯಾನೇಜರ್ ಎಲ್ಲರ ಮುಂದೆಯೇ ಕೂಗಾಡಿದರು. "ಹುಳ ಸಾಕೋ ಮನೆಯವಳು ನೀನು. ಆ ರೇಷ್ಮೆಹುಳದ ಕಾಯಿಲೆನೆಲ್ಲ ಕೈಯಲ್ಲಿ ಹೊತ್ಕೊಂಡು ಬರ್ತೀಯ. ಇಲ್ಲಾ ನಿನ್ನ ಕೈ ಕೊಳಕು, ಇಲ್ಲಾ ನೀನು ಸೋಸೋದು ಸರಿಯಿಲ್ಲ. ತಪ್ಪಾಯ್ತು ಅಂತ ಬರೆದುಕೊಡಮ್ಮ. ಇಲ್ಲಾಂದ್ರೆ ಸೋಮವಾರದಿಂದ ಬರಬೇಡ."

ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಹುಳದ ಮನೆ ಎಂದರೇನು ಅಂತ ಇವರಿಗೇನು ಗೊತ್ತು? ಕೈಕಾಲು ತೊಳೆಯದೆ ಒಳಗೆ ಕಾಲಿಡಲು ನನ್ನಮ್ಮ ಅಪ್ಪನನ್ನೂ ಬಿಟ್ಟವಳಲ್ಲ. ಶುಚಿ ಎಂಬುದನ್ನು ನಾನು ಕಲಿತದ್ದೇ ಅಲ್ಲಿ.

"ಸೋಮವಾರದ ತನಕ ಟೈಮ್ ಇದೆಯಲ್ಲ ಸಾರ್, ನೋಡಣ" ಎಂದೆ. ಹಾಳೆಯನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡೆ.

ಮೊದಲು ಸೋಸುವ ಕೆಲಸವನ್ನೇ ಪರೀಕ್ಷೆಗೆ ಹಚ್ಚಿದೆ. ಸಸಿ ಉದ್ದಕ್ಕೆ ಬೆಳೆಯಲು ಹಾಕುವ ಜಿಬ್ಬರೆಲಿಕ್ ಆಸಿಡ್ ಬಿಸಿ ತಡೆಯುವುದಿಲ್ಲ. ಮಿಕ್ಕ ಪಾಕದ ಜೊತೆ ಆಟೋಕ್ಲೇವಿನಲ್ಲಿ, ಅಂದರೆ ದೊಡ್ಡ ಹಬೆ ಕುಕ್ಕರಿನಲ್ಲಿ, ಬೇಯಿಸಿದರೆ ಅದರ ಕಸುವೇ ಹೋಗುತ್ತದೆ. ಅದಕ್ಕೇ ಅದನ್ನು ಸಿರಿಂಜಿನಲ್ಲಿ ಎಳೆದು, ತುದಿಗೆ ನಾಣ್ಯದಷ್ಟು ಅಗಲದ ಫಿಲ್ಟರ್ ಸಿಕ್ಕಿಸಿ ಒತ್ತುತ್ತೇವೆ. ಅದರ ಪೊರೆಯ ರಂಧ್ರ 0.22 ಮೈಕ್ರಾನ್. ನಮ್ಮ ತಲೆಗೂದಲೇ ಐವತ್ತು, ಎಪ್ಪತ್ತು ಮೈಕ್ರಾನ್ ದಪ್ಪ ಇರುತ್ತದೆ. ಬ್ಯಾಕ್ಟೀರಿಯಾ, ಬೂಷ್ಟಿನ ಬೀಜಕಣ ಈಚೆಗೇ ನಿಲ್ಲುತ್ತವೆ, ದ್ರವ ಆಚೆ ಇಳಿಯುತ್ತದೆ. 0.45ರ ಪೊರೆಯಲ್ಲಿ ಒತ್ತುವುದು ಸಲೀಸು, ಆದರೆ ಸಣ್ಣ ಬ್ಯಾಕ್ಟೀರಿಯಾ ನುಸುಳಿಬಿಡುತ್ತದೆ. ವೈರಸ್ ಆದರೆ 0.22ರಲ್ಲೂ ದಾಟೀತು. ಅದಕ್ಕೆ ಈ ಪೊರೆ ಹೊಣೆಯಲ್ಲ.

ಸೋಸಿದ ಮೇಲೆ ಫಿಲ್ಟರಿನ ತುದಿಯನ್ನು ನೀರಿನಲ್ಲದ್ದಿ, ಒದ್ದೆ ಪೊರೆಯ ಮೂಲಕ ಗಾಳಿ ಒತ್ತಿ ನೋಡಿದೆ. ಪೊರೆ ಹರಿದಿದ್ದರೆ ಗುಳ್ಳೆ ಸಲೀಸಾಗಿ ಬರಬೇಕಿತ್ತು. ಹೆಬ್ಬೆರಳು ನೋಯುವವರೆಗೆ ಒತ್ತಿದರೂ ಒಂದು ಗುಳ್ಳೆ ಬರಲಿಲ್ಲ. ಸೋಸಿದ ಗಾಳಿ ಬೀಸುವ ಪೆಟ್ಟಿಗೆಗೆ ಹುಡ್ ಎನ್ನುತ್ತೇವೆ; ನನ್ನದನ್ನು ಬಿಟ್ಟು ಪಕ್ಕದ ಇನ್ನೊಂದು ಹುಡ್‌ನಲ್ಲಿ ಕೂತು ಆ ದ್ರವವನ್ನು ಬೂಷ್ಟು ಇದ್ದರೆ ಬೆಳೆದು ತೋರಿಸುವ ಅಗಾರ್ ಪಾಕದ ಒಂದು ತಟ್ಟೆಯ ಮೇಲೆ ಸುರಿದೆ. ಗ್ಲೌಸ್ ಹಾಕಿದ ಬೆರಳುಗಳನ್ನು ಇನ್ನೊಂದು ತಟ್ಟೆಗೆ ಒತ್ತಿದೆ.

ಉಳಿದದ್ದು ಗಾಳಿ. ನಾನು ಯಾವಾಗಲೂ ಕೂರುವ ಹುಡ್‌ನಲ್ಲಿ ಹಿಂಬದಿಯ ಹೆಪಾ ಫಿಲ್ಟರ್ ಮೂಲಕ ಗಾಳಿ ನಮ್ಮ ಕಡೆಗೆ ಬೀಸುತ್ತದೆ. ಹೆಪಾ ಜರಡಿಯಲ್ಲ. ಗಾಜಿನ ನಾರನ್ನು ಕಾಗದದಂತೆ ಮಾಡಿ, ಸೀರೆಯ ನೆರಿಗೆಯ ಹಾಗೆ ಮಡಚಿಟ್ಟದ್ದು. ನಾರುಗಳ ನಡುವಿನ ಸಂದು ಎಷ್ಟೋ ಕಣಗಳಿಗಿಂತ ದೊಡ್ಡದೇ. ಆದರೂ ದಪ್ಪ ಕಣ ತಿರುವಿನಲ್ಲಿ ತಿರುಗಲಾರದೆ ನಾರಿಗೆ ಬಡಿಯುತ್ತದೆ, ತೀರಾ ಸಣ್ಣದು ಅತ್ತಿತ್ತ ತಡಬಡಿಸಿ ಅಂಟಿಕೊಳ್ಳುತ್ತದೆ. ಹಿಡಿಯಲು ಕಷ್ಟವಾದದ್ದು ಇವೆರಡರ ನಡುವಿನ 0.3 ಮೈಕ್ರಾನಿನ ಕಣ. ಅಂಥದ್ದೂ ಹತ್ತು ಸಾವಿರಕ್ಕೆ ಮೂರಕ್ಕಿಂತ ಹೆಚ್ಚು ದಾಟಬಾರದು ಎಂಬುದೇ ಅದರ ಅಳತೆ. ಆದರೆ ಕಾಗದ ಬಹಳ ನಾಜೂಕು. ಬೆರಳು ತಾಗಿದರೆ ಮುಗಿಯಿತು.

ಆ ಹುಡ್‌ನ ಎಡಕ್ಕೆ, ನಡುವೆ, ಬಲಕ್ಕೆ ತಟ್ಟೆಗಳನ್ನು ತೆರೆದಿಟ್ಟು ಗಾಳಿ ಬಿಟ್ಟೆ. ಆಮೇಲೆ ಎಲ್ಲವನ್ನೂ ಮುಚ್ಚಿ ಕಾವುಪೆಟ್ಟಿಗೆಗೆ ಸೇರಿಸಿದೆ.

ಸೋಮವಾರ ಬೆಳಿಗ್ಗೆ ಅವನ್ನು ಮ್ಯಾನೇಜರ್ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಸೋಸಿದ ದ್ರವದ್ದು ಖಾಲಿ. ನನ್ನ ಕೈಯದ್ದು ಖಾಲಿ. ಎಡದ್ದೂ ನಡುವಿನದ್ದೂ ಖಾಲಿ. ಬಲಗಡೆಯದ್ದರಲ್ಲಿ ಮಾತ್ರ ಹಸಿರು ಬೂಷ್ಟು ಗೊಂಚಲು ಗೊಂಚಲಾಗಿ ಎದ್ದಿತ್ತು.

"ಫಿಲ್ಟರ್ ಮುಂದಿನ ಜಾಲರಿ ಬಿಚ್ಚಿಸಿ ಸಾರ್."

"ಅದನ್ಯಾಕೆ ಬಿಚ್ಚಬೇಕು?" ಎಂದರು. ದನಿ ಆಗಲೇ ಇಳಿದಿತ್ತು.

ಹುಡ್ ಹತ್ತಿರ ಹೋಗಿ ನಾನೇ ಸ್ಕ್ರೂ ತಿರುಗಿಸಿದೆ. ಜಾಲರಿ ಈಚೆ ಬಂತು. ಬಿಳಿ ನೆರಿಗೆಯ ಬಲಮೂಲೆಯಲ್ಲಿ ವಿಭೂತಿಯ ಮೂರು ಗೆರೆ, ನಡುವೆ ಒಂದು ಕುಂಕುಮದ ಬೊಟ್ಟು. ಒದ್ದೆ ಬೆರಳು ಎಳೆದ ಕಡೆ ಕಾಗದ ಸೀಳಿತ್ತು.

ಬಾಟಲಿ ತೊಳೆಯುವ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಹಬ್ಬದ ದಿನ ಸಾರೇ ಬಿಚ್ಚಿದ್ದು ಕಣಮ್ಮ. ಅಸಲಿ ಮಿಷನ್ ಒಳಗಿರೋದು, ಜಾಲರಿಗೆ ಪೂಜೆ ಮಾಡಿದ್ರೆ ಏನು ಬಂತು ಅಂದ್ರು" ಎಂದಳು.

ಮ್ಯಾನೇಜರ್ ನನ್ನನ್ನು ತಮ್ಮ ಕೋಣೆಗೆ ಕರೆದು ಕೂರಿಸಿ ಬಾಗಿಲು ಮುಚ್ಚಿದರು. "ದೇವರ ಕೆಲಸ ಕಣಮ್ಮ, ಭಕ್ತಿಯಿಂದ ಮಾಡಿದ್ದು. ರಿಜಿಸ್ಟರಲ್ಲಿ ಕಾರಣ ತಿಳಿದಿಲ್ಲ ಅಂತ ಬರೆದುಬಿಡು. ನಿನ್ನ ಕೆಲಸಕ್ಕೇನೂ ಆಗಲ್ಲ."

ನನ್ನ ಕೈಯನ್ನು ಕೊಳಕು ಎಂದಾಗ ಬಾಗಿಲು ತೆರೆದೇ ಇತ್ತಲ್ಲ! ಎದ್ದು ಅದನ್ನು ಪೂರ್ತಿ ತೆರೆದೆ. ರಿಜಿಸ್ಟರಿನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಬರೆದೆ: ಹೆಪಾ ಫಿಲ್ಟರ್ ಬಲಮೂಲೆ ಹರಿದಿದೆ. ಕಾರಣ: ಪೂಜೆಯ ದಿನ ಜಾಲರಿ ಬಿಚ್ಚಿ ಒದ್ದೆ ಬೆರಳಲ್ಲಿ ವಿಭೂತಿ ಹಚ್ಚಿದ್ದು. ಹಚ್ಚಿದವರು: ಮ್ಯಾನೇಜರ್.

ಆಮೇಲೆ ಜೇಬಿನಿಂದ ಬಿಳಿ ಹಾಳೆ ತೆಗೆದು, ಮಡಿಕೆ ಬಿಡಿಸಿ, ಅವರ ಮುಂದಿಟ್ಟೆ.

"ಇದು ನಿಮ್ಮದೇ ಸಾರ್" ಎಂದೆ. "ಈಗ ನೀವು ಬರೀರಿ."