ರಿಪೇರಿ ಖಾತೆಗೆ ಹೋದ ಇಸ್ತ್ರಿ ಯಂತ್ರ

ಅವರನ್ನು ನಾವೆಲ್ಲ ಗೆರೆಯಪ್ಪ ಅಂತಲೇ ಕರೆಯುತ್ತಿದ್ದೆವು. ಮೊತ್ತದ ಕೆಳಗೆ ಎರಡು ಗೆರೆ ಎಳೆಯಬೇಕಾದರೆ ಸ್ಕೇಲು ಹುಡುಕುವ ಮನುಷ್ಯ. ಸ್ಕೇಲು ಸಿಗದಿದ್ದರೆ ಆ ದಿನದ ಲೆಕ್ಕ ಮುಗಿಯುತ್ತಲೇ ಇರಲಿಲ್ಲ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಅವರು ಲೆಕ್ಕ ಬರೆಯುತ್ತಿದ್ದರು, ನಾನು ಅವರ ಎದುರು ಮೇಜಿನಲ್ಲಿ ಬಿಲ್ಲು ಬರೆಯುತ್ತಿದ್ದೆ. ಹನ್ನೆರಡು ವರ್ಷ ಹೀಗೇ ಮುಖಾಮುಖಿ ಕೂತಿದ್ದೇವೆ. ನನ್ನ ಬಾಯಿ ಸುಮ್ಮನಿರುವುದಲ್ಲ, ಅವರದು ತೆರೆಯುವುದಲ್ಲ. ಹಾಗಾಗಿ ಜಗಳವೇ ಆಗಲಿಲ್ಲ.

ಏನೇ ಆದರೂ ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಒಂದು ರಾತ್ರಿ ಕಳೆದ ಮೇಲೆ ಶಾಯಿ ಹಚ್ಚುವುದು ಅವರ ಪದ್ಧತಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಪಾಠ ಹೇಳಿದ್ದರು. ಸೋಪು, ಎಣ್ಣೆ, ಹರಿದ ಬೆಲ್ಟು, ಇವೆಲ್ಲ ಈ ವರ್ಷವೇ ತಿಂದು ಮುಗಿಸುವ ಖರ್ಚು, ಈ ವರ್ಷದ ಲಾಭದಿಂದಲೇ ಕಳೆಯಬೇಕು. ಹತ್ತು ವರ್ಷ ದುಡಿಯುವ ಯಂತ್ರ ಖರ್ಚಲ್ಲ, ಆಸ್ತಿ. ಅದನ್ನು ಆಸ್ತಿ ಪುಸ್ತಕದಲ್ಲಿ ಬರೆದು, ವರ್ಷಕ್ಕೆ ಹತ್ತನೇ ಒಂದು ಪಾಲು ಸವಕಳಿ ಅಂತ ಕಳೆಯುತ್ತ ಹೋಗಬೇಕು. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಲಾಭವೂ ಸುಳ್ಳು, ಆಸ್ತಿಯೂ ಸುಳ್ಳು ಎಂದಿದ್ದರು. ಇಷ್ಟು ತಿಳಿದವರೇ ಆ ತಪ್ಪು ಮಾಡಿದರಲ್ಲ, ಅದೇ ನನಗೆ ಇವತ್ತಿಗೂ ಸಂಕಟ.

ಲಾಂಡ್ರಿಗೆ ಇಬ್ಬರು ಪಾಲುದಾರರು, ಅರ್ಧ ಅರ್ಧ. ದೊಡ್ಡ ಯಜಮಾನರು ಹಣ ಹಾಕಿದವರು. ಚಿಕ್ಕ ಯಜಮಾನರು ಓಡಾಡಿ ಆಸ್ಪತ್ರೆಗಳನ್ನು ಹಿಡಿದು ತಂದವರು. ಈ ಚಿಕ್ಕವರೇ ಗೆರೆಯಪ್ಪನವರ ತಂಗಿಯ ಗಂಡ. ನಗುನಗುತ್ತ ಮಾತಾಡಿ ಎದುರಿಗಿದ್ದವರ ಕೈಯಿಂದ ಕೆಲಸ ಕಿತ್ತುಕೊಳ್ಳುವ ಆಸಾಮಿ. ಬೇರೆ ಕಡೆ ಕೆಲಸ ಹೋಗಿ ಕೂತಿದ್ದ ಗೆರೆಯಪ್ಪನವರನ್ನು ಇಲ್ಲಿಗೆ ತಂದವರೂ ಅವರೇ. ಆ ಋಣ ಇತ್ತು.

ಮೂರು ವರ್ಷದ ಹಿಂದೆ, ವರ್ಷದ ಮೊದಲ ವಾರವೇ ಉರುಳೆ ಇಸ್ತ್ರಿ ಯಂತ್ರ ಬಂತು. ಒಂದು ಕಡೆ ಒದ್ದೆ ಹಾಸು ತೂರಿಸಿದರೆ ಇನ್ನೊಂದು ಕಡೆ ಒಣಗಿ, ಗರಿಗರಿಯಾಗಿ ಬೀಳುತ್ತಿತ್ತು. ಬೆಲೆ ಮೂವತ್ತು ಲಕ್ಷ. ಗೆರೆಯಪ್ಪನವರು ಅದನ್ನು ಆಸ್ತಿ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟರು. ಮಾರನೇ ದಿನ ಚಿಕ್ಕ ಯಜಮಾನರು ಮೂರು ಬಿಲ್ಲು ತಂದು ಮೇಜಿನ ಮೇಲಿಟ್ಟರು. ಒಂದು ಉರುಳೆಗೆ, ಒಂದು ಮೋಟಾರಿಗೆ, ಒಂದು ಜೋಡಿಸಿದ ಕೂಲಿಗೆ. ಮಾರಿದವನ ಕೈಲಿ ಹಾಗೆ ಬರೆಸಿಕೊಂಡು ಬಂದಿದ್ದರು. ಮೂರನ್ನೂ ಹಳೇ ಯಂತ್ರದ ರಿಪೇರಿ ಅಂತ ಹಾಕಿದರೆ ಈ ವರ್ಷ ಲಾಭ ಹೆಚ್ಚೇನೂ ಉಳಿಯೋಲ್ಲ, ತೆರಿಗೆಯೂ ಅಷ್ಟೇ ಕಡಿಮೆ ಅಂತ ಲೆಕ್ಕ ಹೇಳಿದರು. ದೊಡ್ಡ ಯಜಮಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಬೇಡ ಅನ್ನಲಿಲ್ಲ.

"ಇದು ಹತ್ತು ವರ್ಷ ದುಡಿಯೋ ಯಂತ್ರ. ರಿಪೇರಿ ಹೆಂಗಾಗುತ್ತೆ ಭಾವ?" ಅಂದರು ಗೆರೆಯಪ್ಪ. ಅಷ್ಟೇ ಅವರ ಪ್ರತಿಭಟನೆ. ಚಿಕ್ಕ ಯಜಮಾನರು ಬೆನ್ನು ತಟ್ಟಿ ನಕ್ಕು ಹೋದರು. ಗೆರೆಯಪ್ಪನವರು ರಬ್ಬರು ತೆಗೆದುಕೊಂಡು ಪೆನ್ಸಿಲ್ ಸಾಲನ್ನು ಉಜ್ಜಿದರು. ಎಷ್ಟು ಉಜ್ಜಿದರೂ ಅಚ್ಚು ಹೋಗಲಿಲ್ಲ.

ಆ ವರ್ಷ ಮೂವತ್ತೊಂದು ಲಕ್ಷ ಬರಬೇಕಾಗಿದ್ದ ಲಾಭ ನಾಲ್ಕು ಲಕ್ಷಕ್ಕೆ ಇಳಿಯಿತು. ಮೂರು ಲಕ್ಷ ಸವಕಳಿ ಕಳೆಯಬೇಕಾದಲ್ಲಿ ಮೂವತ್ತನ್ನೂ ಕಳೆದರೆ ಇನ್ನೇನಾಗುತ್ತದೆ? ಮುಂದಿನ ಎರಡು ವರ್ಷ ಸವಕಳಿ ಬರೆಯಲು ಯಂತ್ರವೇ ಪುಸ್ತಕದಲ್ಲಿಲ್ಲ, ಹಾಗಾಗಿ ಲಾಭ ಮೂರು ಮೂರು ಲಕ್ಷ ಹೆಚ್ಚಿಗೆ ಕಂಡಿತು. ಯಾರಿಗೂ ತೊಂದರೆ ಆಗಲಿಲ್ಲ. ಮೂರನೇ ವರ್ಷದ ಲೆಕ್ಕ ಮುಗಿದ ವಾರವೇ ಚಿಕ್ಕ ಯಜಮಾನರಿಗೆ ಎದೆನೋವು ಬಂತು. ನಮ್ಮ ಬಟ್ಟೆ ಹೋಗುವ ಆಸ್ಪತ್ರೆಯಲ್ಲೇ, ನಾವೇ ಒಗೆದ ಹಾಸಿನ ಮೇಲೆ ತೀರಿಕೊಂಡರು.

ತಂಗಿ ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ, ಜೊತೆಗೆ ನಡೆಯಲಾಗದ ಅತ್ತೆ. ಮನೆಯ ಮಾಲೀಕ ಅದನ್ನು ಮಾರಲು ಹೊರಟಿದ್ದ. ನೀವೇ ಕೊಳ್ಳುವುದಾದರೆ ಇಪ್ಪತ್ತನಾಲ್ಕು ಲಕ್ಷ, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಖಾಲಿ ಮಾಡಿ ಅಂದಿದ್ದ. ಗಂಡನ ಪಾಲು ಬರುತ್ತದಲ್ಲ ಅಂತ ಆಕೆ ಧೈರ್ಯವಾಗಿದ್ದಳು.

ಪಾಲುದಾರಿಕೆಯ ಕರಾರನ್ನು ದೊಡ್ಡ ಯಜಮಾನರು ನಮ್ಮ ಮುಂದೆಯೇ ಓದಿದರು. ಒಬ್ಬರು ತೀರಿಕೊಂಡರೆ ಅವರ ಮನೆಯವರಿಗೆ ಸೇರುವುದು ಎರಡು. ಸಾಲ ಕಳೆದು ಪುಸ್ತಕದಲ್ಲಿರುವ ಆಸ್ತಿ ಬೆಲೆಯ ಅರ್ಧ, ಮತ್ತು ಕೊನೆಯ ಮೂರು ವರ್ಷದ ಲಾಭದ ಸರಾಸರಿಯ ಅರ್ಧ. ಗೆರೆಯಪ್ಪನವರು ಲೆಕ್ಕ ಹಾಕಿದರು. ಹನ್ನೊಂದು ಲಕ್ಷ.

ಇನ್ನೊಂದು ಹಾಳೆಯಲ್ಲಿ ಸರಿಯಾದ ಲೆಕ್ಕವನ್ನೂ ಹಾಕಿದರು. ಮೂವತ್ತರಲ್ಲಿ ಒಂಬತ್ತು ಸವೆದು ಇಪ್ಪತ್ತೊಂದು ಲಕ್ಷದ ಯಂತ್ರ ಪುಸ್ತಕದಲ್ಲಿ ಇರಬೇಕಿತ್ತು, ಅದರ ಅರ್ಧ ಹತ್ತೂವರೆ. ಮೊದಲ ವರ್ಷ ಇಪ್ಪತ್ತೇಳು ಇಳಿದು ಆಮೇಲೆ ಆರು ಏರಿದ್ದರಿಂದ ಮೂರು ವರ್ಷದ ಲಾಭ ಒಟ್ಟು ಇಪ್ಪತ್ತೊಂದು ಲಕ್ಷ ಕಡಿಮೆ, ಸರಾಸರಿ ಏಳು, ಅದರ ಅರ್ಧ ಮೂರೂವರೆ. ತಂಗಿಗೆ ಹದಿನಾಲ್ಕು ಲಕ್ಷ ಖೋತಾ. ಅದೂ ಬಂದಿದ್ದರೆ ಇಪ್ಪತ್ತೈದಾಗಿ ಮನೆ ಉಳಿಯುತ್ತಿತ್ತು. ಮೊತ್ತದ ಕೆಳಗೆ ಎರಡು ಗೆರೆ ಎಳೆದರು. ಸ್ಕೇಲು ಇಲ್ಲದೆ ಎಳೆದರು, ನಾನು ನೋಡಿದೆ.

ಆ ಹಾಳೆ ಹಿಡಿದುಕೊಂಡು ದೊಡ್ಡ ಯಜಮಾನರ ಕೋಣೆಗೆ ಹೋದರು. ಅವರೇನು ರಾಕ್ಷಸರಲ್ಲ, ಕುರ್ಚಿ ಎಳೆದು ಕೂರಿಸಿದರು. "ತಿದ್ದಿ, ನಾನು ಬೇಡ ಅನ್ನೋಲ್ಲ. ಆದ್ರೆ ತೆರಿಗೆಯವರಿಗೆ ಸುಳ್ಳು ಲೆಕ್ಕ ಕೊಟ್ಟಿದ್ವಿ ಅಂತ ಮೊದ್ಲು ಒಪ್ಕೋಬೇಕು. ಆ ಲೆಕ್ಕಕ್ಕೆ ಸಹಿ ಯಾರದ್ದು ನೋಡಿ." ಸಹಿ ಚಿಕ್ಕ ಯಜಮಾನರದು. ಲೆಕ್ಕ ತಪಾಸಿಗರನ್ನೂ ಕೇಳಿದ್ದಾಯಿತು. ಬಾಕಿ ತೆರಿಗೆ, ಬಡ್ಡಿ, ದಂಡ ಸೇರಿದರೆ ಆ ಹದಿನಾಲ್ಕರಲ್ಲಿ ಎಷ್ಟು ಉಳಿಯುತ್ತೋ ಹೇಳಲಾಗದು, ಬಿಲ್ಲನ್ನೇ ಬದಲಿಸಿದ್ದರಿಂದ ಮೊಕದ್ದಮೆಯೂ ಆಗಬಹುದು, ಎಲ್ಲ ಮುಗಿಯಲು ವರ್ಷಗಳೇ ಬೇಕು ಅಂದರು. ಮನೆಯ ಮಾಲೀಕ ಕೊಟ್ಟದ್ದು ಎರಡು ತಿಂಗಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅಂತ ನಾನು ಗೊಣಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಸಹಿ ಹಾಕಲು ಬಂದ ದಿನ ಪಾಲು ಯಾಕಿಷ್ಟೇ ಅಂತ ತಂಗಿ ಕೇಳಿದಳು. ಯಂತ್ರ ರಿಪೇರಿ ಖಾತೆಗೆ ಹೋಗಿದೆ, ಆಸ್ತಿ ಪುಸ್ತಕದಲ್ಲಿಲ್ಲ ಅಂತ ದೊಡ್ಡ ಯಜಮಾನರು ಹೇಳಿದ ಮೇಲೆ, ಮೊದಲು ಯಂತ್ರ ನೋಡಬೇಕು ಅಂದಳು. ಮೂವರೂ ಹೋದೆವು. ಯಂತ್ರ ಓಡುತ್ತಿತ್ತು, ಹಾಸುಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಬಿಸಿ ತಗುಲೀತು ಅಂತ ಗೆರೆಯಪ್ಪನವರು ಕೈ ಅಡ್ಡ ಹಿಡಿದರು. ಆಕೆ ತುಂಬ ಹೊತ್ತು ನೋಡಿದಳು.

"ಕಣ್ಣೆದುರಿಗೇ ಇದೆ. ಇದನ್ನ ರಿಪೇರಿ ಅಂತ ಬರ್ದೋರು ಯಾರಣ್ಣ?"

ನನ್ನ ನಾಲಿಗೆ ತುದಿಗೆ ಬಂದಿತ್ತು. ಗೆರೆಯಪ್ಪನವರು ನನ್ನ ಕಡೆ ಒಮ್ಮೆ ನೋಡಿದರು.

"ನಾನೇ ಕಣಮ್ಮ."

"ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಆಕೆ ಯಂತ್ರಕ್ಕೆ ಬೆನ್ನು ಹಾಕಿದಳು. ಒಳಗೆ ಹೋಗಿ ಹನ್ನೊಂದು ಲಕ್ಷಕ್ಕೆ ಸಹಿ ಹಾಕಿ, ಅಣ್ಣ ಹಿಡಿದಿದ್ದ ಕೊಡೆಯನ್ನೂ ತೆಗೆದುಕೊಳ್ಳದೆ ಮಳೆಯಲ್ಲೇ ಹೊರಟುಹೋದಳು. ನಾನು ರೇಗಿದೆ. ಮಾಡಿಸಿದ್ದು ನಿಮ್ಮ ಭಾವ ಅಂತ ಯಾಕೆ ಹೇಳಲಿಲ್ಲ, ಸತ್ತವರಿಗೆ ನೋವಾಗುತ್ತಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. "ಮನೆ ಹೋಯ್ತು. ಗಂಡ ಒಳ್ಳೇವ್ನು ಅಂತಿರೋದಾದ್ರೂ ಅವಳಿಗೆ ಇರ್ಲಿ ಬಿಡಿ," ಅಂದರು. ಆಕೆ ಅತ್ತೆಯನ್ನು ಕರೆದುಕೊಂಡು ಊರಾಚೆ ಒಂದು ಕೋಣೆ ಹಿಡಿದಳು. ಅಣ್ಣ ಹೋದರೆ ಬಾಗಿಲು ತೆರೆಯುವುದಿಲ್ಲ. ಅವರು ಪ್ರತಿ ಭಾನುವಾರ ಹೋಗುತ್ತಾರೆ, ವಾಪಸು ಬರುತ್ತಾರೆ.

ಮೊನ್ನೆ ಯಂತ್ರದ ಬೆಲ್ಟು ಹರಿಯಿತು. ಆರು ಸಾವಿರದ ಬಿಲ್ಲು ಬಂತು. ಇಡೀ ಪುಸ್ತಕದಲ್ಲಿ ಇದಕ್ಕಿಂತ ಸುಲಭದ ಲೆಕ್ಕ ಇಲ್ಲ, ನನಗೇ ಗೊತ್ತು. ಗೆರೆಯಪ್ಪನವರು ಪೆನ್ಸಿಲು ಹಿಡಿದು ಅರ್ಧ ಗಂಟೆ ಕೂತಿದ್ದರು. ಆಮೇಲೆ ಬಿಲ್ಲನ್ನು ನನ್ನ ಮೇಜಿಗೆ ತಳ್ಳಿ, "ಇದು ರಿಪೇರಿನೇ ಅಲ್ವಾ? ಒಂದ್ಸಲ ನೋಡಿ ಹೇಳಿ," ಅಂದರು.

ನಾನು ಹೌದು ಅಂದೆ. ಅವರು ಪುಸ್ತಕವನ್ನೂ ನನ್ನ ಕಡೆಗೇ ತಳ್ಳಿದರು.