ಪಿನ್ ಕೇಳದ ಆ್ಯಪ್

ಚನ್ನಪಟ್ಟಣದ ಕೆಹಕಶಾನ್ ರಾಮನಗರದ ಸಣ್ಣ ಕಂಪನಿಯೊಂದರಲ್ಲಿ ಬ್ಯಾಂಕ್ ಆ್ಯಪ್ ಪರೀಕ್ಷಿಸುತ್ತಿದ್ದಳು. ಪರೀಕ್ಷೆಯ ಪ್ರತಿ ಸೆಷನ್‌ಗೂ ಒಂದು ಗುರಿ, ಒಂದು ಗಡುವು. ಅಂದಿನ ಟಿಪ್ಪಣಿಯ ಮೊದಲ ಸಾಲು: 'ನಡುವೆ ಫೋನ್ ಕರೆ ಬಂದರೆ ಆ್ಯಪಿನ ಲಾಕ್ ಉಳಿಯುತ್ತದೆಯೇ? ನಲವತ್ತೈದು ನಿಮಿಷ.'

ಇಪ್ಪತ್ತೆರಡನೇ ನಿಮಿಷದಲ್ಲಿ, ಕರೆ ಮುಗಿದೊಡನೆ, ಲಾಕ್ ಆಗಿದ್ದ ಆ್ಯಪ್ ಪಿನ್ ಕೇಳದೆಯೇ ಖಾತೆ ತೆರೆಯಿತು. ಇನ್ನೆರಡು ಸಲ ಮಾಡಿದರೂ ಹಾಗೇ ಆಯಿತು. ಫೋನಿನ ಮಾದರಿ, ಆ್ಯಪಿನ ಆವೃತ್ತಿ, ತಾನು ಒತ್ತಿದ್ದೆಲ್ಲವನ್ನೂ ಕ್ರಮವಾಗಿ ಬರೆದಿಟ್ಟಳು.

ಆ್ಯಪ್ ತಯಾರಿಸಿದ್ದ ಅನಂತರಾಜು ಅದನ್ನು ಮರುದಿನವೇ ಬಿಡುಗಡೆ ಮಾಡಬೇಕಿತ್ತು. ಟಿಪ್ಪಣಿ ಓದಿದವನೇ ಅವಳ ಮೇಜಿಗೆ ಬಂದ. "ಸುಳ್ಳು ಬರೀತೀಯಾ? ಅಳಿಸು!" ಎಂದು ಅವಳ ಫೋನ್ ಕಿತ್ತು ಗೋಡೆಗೆ ಬಡಿದ.

"ಅಳಿಸಾಕಿಲ್ಲ ಸಾರ್. ಕಂಡಿದ್ನೇ ಬರ್ದಿದೀನಿ."

ಅವನು ಕುರ್ಚಿ ಎತ್ತಿ ಬೀಸಿದ. ಅಡ್ಡ ಹಿಡಿದ ಅವಳ ಮುಂಗೈ ಮುರಿಯಿತು. ಎರಡನೇ ಏಟಿಗೆ ಹುಬ್ಬು ಸೀಳಿ ರಕ್ತ ಕೀಬೋರ್ಡಿನ ಮೇಲೆ ಸುರಿಯಿತು. ಮೂರನೆಯದು ಬೀಳುವ ಮುನ್ನ ಸಹೋದ್ಯೋಗಿಗಳು ಅವನನ್ನು ನೆಲಕ್ಕೆ ಕೆಡವಿ, ಪೊಲೀಸರಿಗೆ ಒಪ್ಪಿಸಿದರು.

ಸಂಜೆ ತಂಡದ ಮುಖ್ಯಸ್ಥೆ ಪ್ರತಿಮಾ ಆಸ್ಪತ್ರೆಗೆ ಬಂದಳು. "ನಿನ್ ಟಿಪ್ಪಣಿ ಇಟ್ಕೊಂಡು ಬ್ಯಾರೆ ಫೋನಲ್ಲಿ ಮಾಡ್ದೆ ಕಣಮ್ಮ. ಅದೂ ಪಿನ್ ಕೇಳ್ಲೇ ಇಲ್ಲ. ಬಿಡುಗಡೆ ನಿಲ್ಸಿಬುಟ್ಟೆ."

ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿದ್ದ ಕೆಹಕಶಾನ್ ಆಗ ಬಿಕ್ಕಿ ಬಿಕ್ಕಿ ಅತ್ತಳು.